ಕಿವಿಗೆ ಒಂದು, ಕಣ್ಣಿಗೆ ಇನ್ನೊಂದು: ಕನ್ನಡ ಸಬ್‌ಟೈಟಲ್‌ ತಿದ್ದುವವರ ತಪ್ಪು ಕಲ್ಪನೆಗಳು

ಮರದ ಗಾಣದ ಎಣ್ಣೆ ಮಾರುವ ಅಂಗಡಿಯೊಂದರ ಪ್ರಚಾರದ ವಿಡಿಯೊ ಈಚೆಗೆ ನನ್ನ ಕೈಗೆ ಬಂತು. ಒಂದೇ ನಿಮಿಷದ್ದು. ಯಜಮಾನರೇ ಗಾಣದ ಪಕ್ಕ ನಿಂತು ಮಂಡ್ಯದ ಕಡೆಯ ಮಾತಿನಲ್ಲಿ ಹೇಳಿಕೊಂಡು ಹೋಗುತ್ತಾರೆ. ಕನ್ನಡ ಸಬ್‌ಟೈಟಲ್ ಆಗಲೇ ಹಾಕಿಸಿದ್ದರು. ‘ಸುಮ್ನೆ ಕಾಗುಣಿತ ನೋಡ್ಕೊಡಿ ಸಾರ್, ಅರ್ಧ ಗಂಟೆ ಕೆಲ್ಸ’ ಎಂದರು. ಎರಡು ದಿನ ಹಿಡಿಯಿತು. ಕಾಗುಣಿತದ ತಪ್ಪು ಇದ್ದದ್ದು ಮೂರೇ ಮೂರು. ಉಳಿದದ್ದೆಲ್ಲ ಬೇರೆ ಥರದ್ದು.

ತಪ್ಪು ಕಲ್ಪನೆ: ಪರದೆಯ ಮೇಲೆ ಬರೆಯುವುದು ಶುದ್ಧ ಬರಹದ ಕನ್ನಡವೇ ಆಗಿರಬೇಕು.

ಯಜಮಾನರು ಹೇಳಿದ್ದು: ‘ನಮ್ ಗಾಣಕ್ಕೆ ಬೀಜ ಹುರಿದು ಹಾಕಲ್ಲ, ಹಸೀದೇ ಹಾಕೋದು.’ ಕೆಳಗೆ ಬಂದದ್ದು: ‘ನಮ್ಮ ಗಾಣದಲ್ಲಿ ಹುರಿಯದ ಬೀಜಗಳನ್ನು ಮಾತ್ರ ಬಳಸಲಾಗುತ್ತದೆ.’ ಅರ್ಥ ಕೆಟ್ಟಿಲ್ಲ. ಆದರೆ ನೋಡುವವನಿಗೆ ಕನ್ನಡ ಬರುತ್ತದೆ. ಅವನು ಕೇಳುತ್ತಲೂ ಇದ್ದಾನೆ, ಓದುತ್ತಲೂ ಇದ್ದಾನೆ. ಕಿವಿಗೆ ‘ಹಾಕಲ್ಲ’ ಬಿದ್ದಾಗ ಕಣ್ಣು ಆ ಪದವನ್ನು ಹುಡುಕುತ್ತದೆ, ಸಿಗುವುದಿಲ್ಲ. ಇಂಗ್ಲಿಷ್ ಸಿನಿಮಾಕ್ಕೆ ಕನ್ನಡ ಸಬ್‌ಟೈಟಲ್ ಹಾಕುವಾಗ ಇರುವ ಸ್ವಾತಂತ್ರ್ಯ ಕನ್ನಡ ಮಾತಿಗೇ ಕನ್ನಡ ಬರೆಯುವಾಗ ಇಲ್ಲ.

ಹಾಗಂತ ಉಚ್ಚಾರವನ್ನೆಲ್ಲ ಅಕ್ಷರಕ್ಕಿಳಿಸಿದರೆ ಓದುವ ಓಟ ಎಡವುತ್ತದೆ. ನಾನು ಇಟ್ಟುಕೊಂಡಿರುವ ಲೆಕ್ಕ ಇಷ್ಟು: ಪದ ಮತ್ತು ಪದಗಳ ಕ್ರಮ ಅವರದ್ದೇ ಇರಲಿ, ಕ್ರಿಯಾಪದದ ಆಡುರೂಪವೂ ಇರಲಿ, ‘ನಮ್’ ಎಂಬುದು ‘ನಮ್ಮ’ ಆಗಲಿ, ‘ಏನಪ್ಪಾ ಅಂದ್ರೆ’ಯಂಥ ಉಸಿರುಮಾತು ಬಿಟ್ಟುಹೋಗಲಿ. ಕೊನೆಗೆ ನಿಂತದ್ದು: ‘ನಮ್ಮ ಗಾಣಕ್ಕೆ ಬೀಜ ಹುರಿದು ಹಾಕಲ್ಲ, ಹಸೀದೇ ಹಾಕೋದು.’

ತಪ್ಪು ಕಲ್ಪನೆ: ಮಾತು ನಿಂತಲ್ಲಿ, ದೃಶ್ಯ ಬದಲಾದಲ್ಲಿ ಸಬ್‌ಟೈಟಲ್ ತುಂಡರಿಸಿದರೆ ಸಾಕು.

ಬೇರೆ ಭಾಷೆಗಳಲ್ಲಿ ಇದು ಎಷ್ಟೋ ಸಲ ನಡೆದುಹೋಗುತ್ತದೆ. ಕನ್ನಡದಲ್ಲಿ ಅಪಾಯ, ಯಾಕೆಂದರೆ ನಮ್ಮ ‘ಇಲ್ಲ’ ಸಾಮಾನ್ಯವಾಗಿ ವಾಕ್ಯದ ತುದಿಯಲ್ಲಿ ಕೂತಿರುತ್ತದೆ. ನನಗೆ ಬಂದ ಫೈಲಿನಲ್ಲಿ ಹೀಗಿತ್ತು:

```
7
00:00:18,400 --> 00:00:20,100
ಬಣ್ಣ, ಪರಿಮಳ ಸೇರಿಸಿ

8
00:00:20,100 --> 00:00:21,300
ಮಾರೋದಿಲ್ಲ ನಾವು.
```

ಯಜಮಾನರು ‘ಸೇರಿಸಿ’ ಆದಮೇಲೆ ಉಸಿರೆಳೆದುಕೊಂಡಿದ್ದಾರೆ. ಅಲ್ಲಿಗೇ ದೃಶ್ಯವೂ ಬಾಟಲಿಯ ಕಡೆ ತಿರುಗಿದೆ. ಮೊದಲು ಮಾಡಿದವರು ಅಲ್ಲೇ ಕತ್ತರಿ ಹಾಕಿದ್ದಾರೆ. ಹಾಗಾಗಿ 1.7 ಸೆಕೆಂಡು, ಹೊಳೆಯುವ ಎಣ್ಣೆಯ ಕೆಳಗೆ ‘ಬಣ್ಣ, ಪರಿಮಳ ಸೇರಿಸಿ’ ಎಂಬ ಬರಹ ಒಂಟಿಯಾಗಿ ನಿಂತಿರುತ್ತದೆ. ಫೋನಿನ ಸದ್ದು ತೆಗೆದು ನೋಡುವವನಿಗೆ, ಅಲ್ಲೇ ಬೆರಳಾಡಿಸಿ ಮುಂದೆ ಹೋಗುವವನಿಗೆ ಸಿಗುವ ಸಂದೇಶ ಅದು. ಅಂಗಡಿಯವರು ದುಡ್ಡು ಕೊಟ್ಟು ತಮ್ಮ ಮೇಲೇ ದೂರು ಬರೆಸಿಕೊಂಡ ಹಾಗೆ.

ತಿದ್ದಿದ್ದು ಹೀಗೆ:

```
7
00:00:18,400 --> 00:00:21,600
ಬಣ್ಣ, ಪರಿಮಳ ಸೇರಿಸಿ
ಮಾರೋದಿಲ್ಲ ನಾವು.
```

ಎರಡು ಸಾಲು, ಒಟ್ಟಿಗೇ. ದೃಶ್ಯ ಬದಲಾದರೂ ಬರಹ ದಾಟಿಕೊಂಡು ಹೋಗಲಿ. ಮಾತು ಮುಗಿದ ಮೇಲೆ 0.3 ಸೆಕೆಂಡು ಹೆಚ್ಚಿಗೆ ನಿಲ್ಲಲಿ. ಒಂದೇ ಒಂದು ಕಡೆ ಮಾತ್ರ ಇದರ ಉಲ್ಟಾ ಮಾಡಿದೆ. ‘ಬೆಲೆ ಎಷ್ಟು ಗೊತ್ತಾ?’ ಎಂದು ಕೇಳಿ ಅವರು ಒಂದು ಕ್ಷಣ ನಗುತ್ತಾರೆ. ಅಲ್ಲಿ ಉತ್ತರವನ್ನೂ ಜೊತೆಗೇ ತೋರಿಸಿಬಿಟ್ಟರೆ ಅವರ ನಗುವೇ ವ್ಯರ್ಥ.

ತಪ್ಪು ಕಲ್ಪನೆ: ಸಮಯ ತಪ್ಪಿದ್ದರೆ ಎಲ್ಲವನ್ನೂ ಒಟ್ಟಿಗೇ ಹಿಂದೆಮುಂದೆ ಸರಿಸಿದರಾಯಿತು.

ಸರಿಸುವ ಮೊದಲು ಎರಡು ಕಡೆ ಕಿವಿಗೊಡಬೇಕು, ಮೊದಲ ಮಾತಿಗೆ ಮತ್ತು ಕೊನೆಯ ಮಾತಿಗೆ. ಈ ವಿಡಿಯೊದಲ್ಲಿ 5ನೇ ಸೆಕೆಂಡಿನ ಸಬ್‌ಟೈಟಲ್ 0.2 ಸೆಕೆಂಡು ತಡ, 55ನೇ ಸೆಕೆಂಡಿನದು 2.2 ಸೆಕೆಂಡು ತಡ. ಹೋಗ್ತಾ ಹೋಗ್ತಾ ತಪ್ಪು ಬೆಳೆಯುತ್ತಿದೆ ಎಂದರೆ ಅದು ಸರಿಸಿ ಸರಿಹೋಗುವ ಜಾತಿಯದಲ್ಲ. ವಿಚಾರಿಸಿದಾಗ ಗೊತ್ತಾಯಿತು: ಸಬ್‌ಟೈಟಲ್ ಮಾಡಿದ್ದು ಸೆಕೆಂಡಿಗೆ 24 ಫ್ರೇಮಿನ ಪ್ರತಿಗೆ. ಆಮೇಲೆ ಎಡಿಟರ್ ಅದೇ ಫ್ರೇಮುಗಳನ್ನು 25ರ ಲೆಕ್ಕದಲ್ಲಿ ಓಡಿಸಿದ್ದರು. 60 ಸೆಕೆಂಡಿನ ವಿಡಿಯೊ 57.6ಕ್ಕೆ ಇಳಿದಿತ್ತು. ಪ್ರತಿ ಸಮಯವನ್ನೂ 0.96ರಿಂದ ಗುಣಿಸಿದೆ: 5 ಎಂಬುದು 4.8, 55 ಎಂಬುದು 52.8. ಎಲ್ಲ ಬಂದು ಕೂತವು. ಸಬ್‌ಟೈಟಲ್ ತಂತ್ರಾಂಶಗಳಲ್ಲಿ ಫ್ರೇಮ್ ರೇಟ್ ಬದಲಿಸುವ ಆಯ್ಕೆ ಮಾಡುವುದು ಇದೇ ಗುಣಾಕಾರವನ್ನು.

ತಪ್ಪು ಎಲ್ಲ ಕಡೆ ಒಂದೇ ಅಳತೆಯಲ್ಲಿದ್ದರೆ ಮಾತ್ರ ಸುಮ್ಮನೆ ಸರಿಸಬಹುದು. ಅರ್ಧದವರೆಗೆ ಸರಿಯಿದ್ದು ಅಲ್ಲಿಂದ ಥಟ್ಟನೆ ತಪ್ಪಿದರೆ, ನಡುವೆ ಯಾರೋ ಒಂದು ತುಣುಕು ಕಿತ್ತಿದ್ದಾರೆ ಅಥವಾ ಸೇರಿಸಿದ್ದಾರೆ ಎಂದರ್ಥ. ಅಲ್ಲಿಂದ ಮುಂದಿನವನ್ನಷ್ಟೇ ಸರಿಸಬೇಕು.

ತಪ್ಪು ಕಲ್ಪನೆ: ತಂತ್ರಾಂಶ ಕೆಂಪು ತೋರಿಸಿದರೆ ಸಾಲು ಉದ್ದವಾಯಿತು ಎಂದರ್ಥ.

ಸೆಕೆಂಡಿಗೆ ಇಷ್ಟು ಅಕ್ಷರ ಎಂದು ಎಣಿಸುವ ತಂತ್ರಾಂಶಗಳಲ್ಲಿ ಹಲವು ಒತ್ತು, ಗುಣಿತದ ಚಿಹ್ನೆಗಳನ್ನೆಲ್ಲ ಬಿಡಿಬಿಡಿಯಾಗಿ ಎಣಿಸುತ್ತವೆ. ‘ಸ್ತ್ರೀ’ ನಮಗೆ ಒಂದಕ್ಷರ, ಯೂನಿಕೋಡಿನ ಲೆಕ್ಕದಲ್ಲಿ ಆರು. ಕೆಂಪು ನೋಡಿ ಹೆದರಿ ಒಳ್ಳೆಯ ಪದ ಕಿತ್ತು ಹಾಕಬೇಡಿ. ವಿಡಿಯೊ ಓಡುತ್ತಿರುವಾಗಲೇ ಒಂದು ಸಲ ಗಟ್ಟಿಯಾಗಿ ಓದಿ; ಸಬ್‌ಟೈಟಲ್ ಮಾಯವಾಗುವುದರೊಳಗೆ ಮುಗಿದರೆ ಸರಿಯಿದೆ.

ತಪ್ಪು ಕಲ್ಪನೆ: ಪರದೆಯ ಮೇಲಿನ ದೊಡ್ಡಕ್ಷರ ಬೇರೆ, ಸಬ್‌ಟೈಟಲ್ ಬೇರೆ.

ನೋಡುವವನ ಕಣ್ಣು ಎರಡನ್ನೂ ಒಟ್ಟಿಗೇ ಓದುತ್ತದೆ. ಇಲ್ಲಿ ಅರ್ಧ ಲೀಟರಿನ ಬೆಲೆ ಪರದೆಯ ಕೆಳಭಾಗದಲ್ಲಿ ₹190 ಎಂದು ದಪ್ಪಗೆ ಬರುತ್ತಿತ್ತು. ಅದರ ಮೇಲೇ ಸಬ್‌ಟೈಟಲ್ ಕೂತಿತ್ತು, ಅದರಲ್ಲಿ ₹180. ಯಜಮಾನರ ಬಾಯಲ್ಲೂ ನೂರಾ ಎಂಬತ್ತೇ. ಚಿತ್ರೀಕರಣ ಆದಮೇಲೆ ಬೆಲೆ ಏರಿತ್ತು. ‘ಸಬ್‌ಟೈಟಲ್‌ನಲ್ಲಿ ನೂರಾ ತೊಂಬತ್ತು ಮಾಡಿಬಿಡಿ’ ಎಂದರು. ಆಗುವುದಿಲ್ಲ ಎಂದೆ. ಕಿವಿಗೆ ಎಂಬತ್ತು, ಕಣ್ಣಿಗೆ ತೊಂಬತ್ತು ಆದರೆ ಗಿರಾಕಿ ಅಂಗಡಿಗೆ ಬಂದು ಕೇಳುವುದು ಎಂಬತ್ತನ್ನೇ. ಅಷ್ಟು ಮಾತನ್ನು ಫೋನಿನಲ್ಲೇ ಮತ್ತೆ ಹೇಳಿಸಿ, ಬಾಟಲಿಯ ದೃಶ್ಯದ ಮೇಲೆ ಸೇರಿಸಿದೆವು. ಅಲ್ಲಿ ಅವರ ತುಟಿ ಕಾಣುವುದಿಲ್ಲ. ಬೆಲೆಯ ಬರಹ ಮೇಲೆ ಹೋಯಿತು, ಸಬ್‌ಟೈಟಲ್ ತನ್ನ ಜಾಗದಲ್ಲೇ ಉಳಿಯಿತು.

ತಪ್ಪು ಕಲ್ಪನೆ: ನನ್ನ ಕಂಪ್ಯೂಟರಿನಲ್ಲಿ ಸರಿ ಕಂಡರೆ ಎಲ್ಲೆಡೆಯೂ ಸರಿ.

‘ಬಾಟಲ್‌ನಲ್ಲಿ’ ಎಂಬ ಪದವನ್ನೇ ನೋಡಿ. ಲ್ ಮತ್ತು ನ ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಇದೆ, ಯೂನಿಕೋಡಿನಲ್ಲಿ U+200C. ಕಳಿಸುವಾಗ, ನಕಲು ಮಾಡುವಾಗ ಅದು ಉದುರಿಹೋದರೆ ‘ಬಾಟಲ್ನಲ್ಲಿ’ ಆಗುತ್ತದೆ, ಲ ಕೆಳಗೆ ನ ಒತ್ತು ಬಂದು ಕೂರುತ್ತದೆ. ಹಾಗೆ ಉದುರಿದ್ದರೆ ಫೈಲಿನಲ್ಲೇ ಮತ್ತೆ ಹಾಕಬೇಕು. ಇನ್ನೊಂದು ರೋಗ ಫೈಲಿನದಲ್ಲ, ಎಡಿಟಿಂಗ್ ತಂತ್ರಾಂಶದ್ದು: ಭಾರತೀಯ ಲಿಪಿ ಜೋಡಿಸುವ ಆಯ್ಕೆ ಹಾಕಿರದಿದ್ದರೆ ಒತ್ತಕ್ಷರಗಳೆಲ್ಲ ಒಡೆಯುತ್ತವೆ. ಅಂಥಲ್ಲಿ ಪಠ್ಯವನ್ನು ಎಷ್ಟು ಸಲ ತಿದ್ದಿದರೂ ಅಷ್ಟೇ. ಮೊದಲ ಸಲ ತಯಾರಾಗಿ ಬಂದ ವಿಡಿಯೊವನ್ನು ನನ್ನ ಫೋನಿನಲ್ಲಿ ಹಾಕಿ ನೋಡಿದೆ. ಸಬ್‌ಟೈಟಲೆಲ್ಲ ಸರಿಯಿತ್ತು. ಕೊನೆಯಲ್ಲಿ ಅಂಗಡಿಯ ಹೆಸರಿನ ಕೆಳಗೆ ಮಾತ್ರ ಮೂರು ಸೆಕೆಂಡು ‘ಗಾಣದ ಎಣ್‌ಣೆ’ ಎಂದು ನಿಂತಿತ್ತು.