ಟಕ್ಸ್ ಜಾಗ ಬದಲಿಸಿದರೂ ಉಬ್ಬು ಉಳಿಯಬೇಕಾದರೆ

ಮೈಗೆ ಸರಿಯಾಗಿ ಕೂತ ಹಳೆಯ ಬ್ಲೌಸನ್ನೇ ಅಳತೆಗೆ ಕೊಟ್ಟು ಪ್ರಿನ್ಸೆಸ್ ಕಟ್ ಹೊಲಿಸಿದರೂ, ಹೊಸದು ಎದೆಯ ಮೇಲೆ ಚಪ್ಪಟೆಯಾಗಿ ಬಿಗಿಯುವುದುಂಟು. ಸುತ್ತಳತೆ ಬದಲಾಗಿರುವುದಿಲ್ಲ. ಪಕ್ಕದ ಹೊಲಿಗೆಯಲ್ಲಿದ್ದ ಒಂದೂವರೆ ಇಂಚಿನ ಟಕ್ಸನ್ನು ಭುಜಕ್ಕೆ ಒಯ್ದವರು ಅಲ್ಲೂ ಒಂದೂವರೆ ಇಂಚನ್ನೇ ಇಟ್ಟಿರುತ್ತಾರೆ.

ಉಬ್ಬು ಕೊಡುವುದು ಟಕ್ಸಿನ ಕೋನ, ಅಂಚಿನಲ್ಲಿ ಕಾಣುವ ಅಗಲವಲ್ಲ. ಬಿಚ್ಚಿದ ಬೀಸಣಿಗೆ ಹಿಡಿಯ ಹತ್ತಿರ ಕಿರಿದು, ಅಂಚಿನಲ್ಲಿ ಅಗಲ. ಆದರೆ ಅದು ಬಿಚ್ಚಿಕೊಂಡಿರುವುದು ಒಂದೇ ಪ್ರಮಾಣದಲ್ಲಿ. ಇಲ್ಲಿ ಹಿಡಿಯ ಜಾಗದಲ್ಲಿರುವುದು ಎದೆಯ ತುದಿ. ಪಕ್ಕದ ಹೊಲಿಗೆಯಿಂದ ಅಲ್ಲಿಗೆ ಆರು ಇಂಚು, ಭುಜದಿಂದ ಹತ್ತು ಇಂಚು ಎಂದುಕೊಳ್ಳಿ. ಪಕ್ಕದಲ್ಲಿ ಒಂದೂವರೆ ಇಂಚು ಅಗಲವಿದ್ದ ಟಕ್ಸ್ ಭುಜದಲ್ಲಿ ಎರಡೂವರೆ ಇಂಚು ಬಾಯಿ ತೆರೆಯಬೇಕು.

ಇದನ್ನು ಲೆಕ್ಕ ಹಾಕಬೇಕಾಗಿಯೂ ಇಲ್ಲ, ಕಾಗದವೇ ತೋರಿಸಿಕೊಡುತ್ತದೆ. ಮುಂಭಾಗದ ಅರ್ಧವನ್ನು ಹೊಲಿಗೆ ಮಾರ್ಜಿನ್ ಬಿಟ್ಟು ದಪ್ಪ ಕಾಗದದ ಮೇಲೆ ಬರೆದುಕೊಳ್ಳಿ. ಹೊಲಿದ ಟಕ್ಸ್ ಎದೆಯ ತುದಿಗಿಂತ ಒಂದೂವರೆ ಇಂಚು ಮೊದಲೇ ನಿಂತಿರುತ್ತದೆ; ಕಾಗದದಲ್ಲಿ ಮಾತ್ರ ಅದರ ಎರಡೂ ಗೆರೆಗಳನ್ನು ತುದಿಯವರೆಗೆ ಎಳೆಯಬೇಕು. ಈ ಹೆಜ್ಜೆ ಬಿಟ್ಟವರ ಬ್ಲೌಸಿನಲ್ಲಿ ಉಬ್ಬು ಬೇರೆಲ್ಲೋ ಕೂರುತ್ತದೆ. ಈಗ ಭುಜದ ನಡುವಿನಿಂದ ತುದಿಯವರೆಗೆ ಗೆರೆ ಎಳೆದು ಕತ್ತರಿಸಿ, ಕೊನೆಯಲ್ಲಿ ಕೂದಲೆಳೆಯಷ್ಟು ಕಾಗದ ಉಳಿಸಿ. ಟಕ್ಸಿನ ಒಂದು ಗೆರೆಯನ್ನೂ ತುದಿಯವರೆಗೆ ಹಾಗೆಯೇ ಕತ್ತರಿಸಿ, ಇನ್ನೊಂದರ ಮೇಲೆ ಕೂರಿಸಿ ಅಂಟಿಸಿದರೆ ಭುಜ ತಾನಾಗಿ ತೆರೆದುಕೊಳ್ಳುತ್ತದೆ. ಭುಜದ ಟಕ್ಸ್ ಸಾಕೆನ್ನುವವರು ಹೊಲಿಗೆಯನ್ನು ತುದಿಗಿಂತ ಒಂದು ಇಂಚು ಮೊದಲೇ ನಿಲ್ಲಿಸಬೇಕು, ಇಲ್ಲವಾದರೆ ಅಲ್ಲಿ ಮೊನೆ ಎದ್ದು ಕಾಣುತ್ತದೆ.

ಭುಜದ ಟಕ್ಸನ್ನು ಪಕ್ಕಕ್ಕೆ ತರುವುದೂ ಹೀಗೆಯೇ, ದಿಕ್ಕು ಮಾತ್ರ ತಿರುಗುಮುರುಗು.

ಪ್ರಿನ್ಸೆಸ್ ಕಟ್ ಆದರೆ ಭುಜದ ಟಕ್ಸನ್ನೂ ಸೊಂಟದ ಟಕ್ಸನ್ನೂ ಎದೆಯ ತುದಿಯಲ್ಲಿ ಕೂಡಿಸಿ, ಅವುಗಳ ನಡುವಿನ ಕಾಗದ ತೆಗೆದು ಎರಡು ತುಂಡು ಮಾಡುತ್ತಾರೆ. ಕಂಕುಳಿನ ಕಡೆಯ ತುಂಡಿನಲ್ಲಿ ತುದಿಯ ಜಾಗ ಮೂಲೆಯಂತೆ ಹೊರಚಾಚಿರುತ್ತದೆ. ನನ್ನ ಮಟ್ಟಿಗೆ ಇಡೀ ಕೆಲಸದ ನಾಜೂಕು ಇರುವುದು ಇಲ್ಲೇ. ಆ ಮೂಲೆಯನ್ನು ದುಂಡಗೆ ಮಾಡಬೇಕು ನಿಜ, ಆದರೆ ಚೆಂದ ಕಾಣಲೆಂದು ಕಾಲು ಇಂಚು ಕೆತ್ತಿಬಿಟ್ಟರೆ ಉಳಿಸಿಕೊಂಡು ಬಂದ ಉಬ್ಬು ಕತ್ತರಿಯ ಪಾಲಾಗುತ್ತದೆ. ಅರ್ಧಪಾವು ಇಂಚಿಗಿಂತ ಹೆಚ್ಚು ತೆಗೆಯಬೇಡಿ. ಈ ಗೆರೆ ಎದೆಯ ತುದಿಯ ಮೇಲೆ ಅಥವಾ ಅದರ ಆಸುಪಾಸಿನಲ್ಲೇ ಹಾಯಬೇಕು. ಎರಡು ಇಂಚು ಆಚೆ ಸರಿದರೆ ಎದೆಯ ಮೇಲೆ ಬಟ್ಟೆ ಎಳೆದುಕೊಳ್ಳುತ್ತದೆ, ಕಂಕುಳ ಬಳಿ ಸಡಿಲವಾಗಿ ಉಬ್ಬುತ್ತದೆ.

ಬಟ್ಟೆಗೆ ಕತ್ತರಿ ಹಾಕುವ ಮೊದಲು ಎರಡು ತುಂಡುಗಳ ಹೊಲಿಗೆ ಗೆರೆಗಳನ್ನು ಟೇಪ್ ನಿಲ್ಲಿಸಿ ಅಳೆದು ನೋಡಿ. ಪಕ್ಕದ ತುಂಡು ಕಾಲು ಇಂಚು ಉದ್ದವಿದ್ದರೆ ತೊಂದರೆಯಿಲ್ಲ, ತುದಿಯ ಗುರುತಿನ ಮೇಲೆ ಕೆಳಗೆ ಎರಡೆರಡು ಇಂಚಿನೊಳಗೆ ಅದನ್ನು ಸ್ವಲ್ಪ ಸ್ವಲ್ಪವೇ ಕೂಡಿಸಿ ಹೊಲಿಯಬಹುದು. ಅದಕ್ಕಿಂತ ಹೆಚ್ಚಿದ್ದರೆ ಗೆರೆಯನ್ನೇ ಮತ್ತೆ ಬರೆಯಿರಿ. ಎರಡೂ ಸರಿಹೊಂದಿದ ಮೇಲೆ ಸುತ್ತಲೂ ಮಾರ್ಜಿನ್ ಸೇರಿಸಿ.