ಆಪತ್ಕಾಲದ ನಿಧಿಯನ್ನು ಎಲ್ಲಿರಿಸಬೇಕು?

ದುದ್ದದ ಆಲೂಗಡ್ಡೆ ವರ್ತಕರೊಬ್ಬರು ಆಪತ್ಕಾಲಕ್ಕೆಂದು 1,80,000 ರೂ.ಗಳನ್ನು ಶೇ. 7ರ ಬಡ್ಡಿಗೆ, ಒಂದು ವರ್ಷದ ಒಂದೇ ನಿಶ್ಚಿತ ಠೇವಣಿಯಲ್ಲಿ ಇರಿಸಿರುವರೆಂದು ಭಾವಿಸಬಹುದು. ಅಂಗಮಾರಿ ರೋಗದಿಂದ ಬೆಳೆ ಹಾಳಾಗಿ, ಆರು ತಿಂಗಳಿಗೇ 30,000 ರೂ. ಬೇಕಾದರೆ ಸಾಮಾನ್ಯವಾಗಿ ಇಡೀ ಠೇವಣಿಯನ್ನೇ ಮುರಿಯಬೇಕಾಗುತ್ತದೆ. ಆಗ ಬ್ಯಾಂಕು ಆರು ತಿಂಗಳ ದರವನ್ನಷ್ಟೇ ಪರಿಗಣಿಸಿ, ಅದರಲ್ಲಿಯೂ ದಂಡವನ್ನು ಕಳೆಯುತ್ತದೆ. ಹೀಗೆ ದರವು ಶೇ. 5ಕ್ಕೆ ಇಳಿದರೆ ಬಡ್ಡಿಯಲ್ಲಿ ಸುಮಾರು 1,800 ರೂ. ನಷ್ಟ. ಅದೇ ಹಣವನ್ನು ಆರು ಪ್ರತ್ಯೇಕ ಠೇವಣಿಗಳಾಗಿ ಇರಿಸಿದ್ದಲ್ಲಿ ನಷ್ಟವು 300 ರೂ. ಮಾತ್ರ.

ಆರ್.ಡಿ.ಯು ನಿಧಿಯನ್ನು ತಿಂಗಳು ತಿಂಗಳೂ ಕಟ್ಟಿ ಬೆಳೆಸಲು ತಕ್ಕುದು. ಕೂಡಿಬಂದ ಹಣವನ್ನು ಇರಿಸಲು ಅಲ್ಲ. ಲಿಕ್ವಿಡ್ ಫಂಡಿನ ಹಣವು ಸಾಮಾನ್ಯವಾಗಿ ಮರು ವ್ಯವಹಾರ ದಿನ ಖಾತೆಗೆ ಬರುತ್ತದೆ; ಏಳನೆಯ ದಿನದಿಂದ ನಿರ್ಗಮನ ಶುಲ್ಕವೂ ಇಲ್ಲ. ಆದರೆ ಬ್ಯಾಂಕ್ ಠೇವಣಿಗಿರುವ 5 ಲಕ್ಷ ರೂ.ವರೆಗಿನ ವಿಮೆಯ ರಕ್ಷಣೆ ಅದಕ್ಕಿಲ್ಲ. ಆದುದರಿಂದ ಒಂದು ತಿಂಗಳ ಖರ್ಚನ್ನು ಫಂಡಿನಲ್ಲಿಯೂ ಉಳಿದುದನ್ನು ಬಿಡಿ ಠೇವಣಿಗಳಲ್ಲಿಯೂ ಇರಿಸುವುದು ಲೇಸು.