ಬಡ್ಡಿಯಿಲ್ಲದ ಹದಿನೈದು ತಿಂಗಳು, ಆಮೇಲೆ?

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಿಗೂ ಅಂಚೆಯಲ್ಲಿ ಬರುವ ಆಹ್ವಾನ ಇದು: ಹಳೆಯ ಕ್ರೆಡಿಟ್ ಕಾರ್ಡಿನ ಬಾಕಿಯನ್ನು ನಮ್ಮ ಕಾರ್ಡಿಗೆ ತನ್ನಿ, 15 ತಿಂಗಳು ಬಡ್ಡಿ ಸೊನ್ನೆ. ಇದಕ್ಕೆ ಬ್ಯಾಲೆನ್ಸ್ ಟ್ರಾನ್ಸ್‌ಫರ್ ಎನ್ನುತ್ತಾರೆ. ಹೊಸ ಬ್ಯಾಂಕು ಹಳೆಯ ಬ್ಯಾಂಕಿನ ಸಾಲ ತೀರಿಸಿ, ಆ ಮೊತ್ತವನ್ನು ನಿಮ್ಮ ಹೊಸ ಕಾರ್ಡಿನ ಮೇಲೆ ಬರೆಯುತ್ತದೆ. ಸಾಲ ತೀರುವುದಿಲ್ಲ, ಜಾಗ ಬದಲಿಸುತ್ತದೆ.

ಒಬ್ಬರಿಗೆ 6,000 ಡಾಲರ್ ಬಾಕಿಯಿದೆ, ವರ್ಷಕ್ಕೆ ಶೇ 24 ಬಡ್ಡಿ ಎಂದುಕೊಳ್ಳೋಣ. ಮೊದಲ ತಿಂಗಳ ಬಡ್ಡಿಯೇ ಸುಮಾರು 120 ಡಾಲರ್. ವರ್ಗಾಯಿಸಿದರೆ ಸಾಮಾನ್ಯವಾಗಿ ಶೇ 3ರಿಂದ 5ರಷ್ಟು ಶುಲ್ಕ ಬೀಳುತ್ತದೆ. ಶೇ 3 ಎಂದರೆ 180 ಡಾಲರ್. ಅದೂ ಸೇರಿ ಬಾಕಿ 6,180. ತಿಂಗಳಿಗೆ 412 ಡಾಲರ್ ಕಟ್ಟಿದರೆ 15 ತಿಂಗಳಿಗೆ ಸಾಲ ಮುಗಿಯಿತು. ಅಷ್ಟನ್ನೇ ಹಳೆಯ ಕಾರ್ಡಿಗೆ ಕಟ್ಟುತ್ತಿದ್ದರೆ 18ನೇ ತಿಂಗಳು ಬೇಕಾಗುತ್ತಿತ್ತು, ಬಡ್ಡಿ ಸುಮಾರು 1,160 ಡಾಲರ್ ಆಗುತ್ತಿತ್ತು. ಲಾಭ ನಿಜವಾದದ್ದೇ.

ಆದರೆ ಅವರು ತಿಂಗಳಿಗೆ 200 ಡಾಲರ್ ಮಾತ್ರ ಕಟ್ಟಿದರು ಎನ್ನಿ. ಅವಧಿ ಮುಗಿದಾಗ 3,180 ಡಾಲರ್ ಉಳಿದಿರುತ್ತದೆ. ಅಲ್ಲಿಂದ ಕಾರ್ಡಿನ ಮಾಮೂಲಿ ದರ ಶುರು. ಅದೂ ಶೇ 24 ಇದ್ದರೆ 16ನೇ ತಿಂಗಳ ಬಡ್ಡಿ ಸುಮಾರು 64 ಡಾಲರ್. ಕಳೆದ ತಿಂಗಳುಗಳ ಬಡ್ಡಿಯನ್ನು ಹಿಂದಿನಿಂದ ಲೆಕ್ಕ ಹಾಕಿ ವಸೂಲು ಮಾಡುವುದಿಲ್ಲ. ಹಾಗೆ ಮಾಡುವುದು ಕೆಲವು ಅಂಗಡಿ ಕಾರ್ಡುಗಳ ‘ಮುಂದೂಡಿದ ಬಡ್ಡಿ’ ಯೋಜನೆ. ಎರಡನ್ನೂ ಒಂದೇ ಎಂದು ತಿಳಿಯಬಾರದು. ಉಳಿದದ್ದನ್ನು ಮೂರನೆಯ ಕಾರ್ಡಿಗೆ ಸಾಗಿಸಬಹುದು, ಆದರೆ ಮತ್ತೆ ಶುಲ್ಕ, ಮತ್ತೆ ಮಂಜೂರಾತಿ.

ನನಗೆ ಹೆಚ್ಚು ಆತಂಕ ಹುಟ್ಟಿಸುವುದು ಹೊಸ ಕಾರ್ಡಿನಲ್ಲಿ ಮಾಡುವ ದಿನಸಿ ಖರೀದಿ. ಸೊನ್ನೆ ಬಡ್ಡಿ ಅನೇಕ ಕಾರ್ಡುಗಳಲ್ಲಿ ವರ್ಗಾಯಿಸಿದ ಬಾಕಿಗೆ ಮಾತ್ರ, ಖರೀದಿಗಲ್ಲ. ಬಿಲ್ಲನ್ನು ಪೂರ್ತಿ ತೀರಿಸುವವರಿಗೆ ಖರೀದಿಯ ಮೇಲೆ ಕೆಲವು ವಾರ ಬಡ್ಡಿಯಿಲ್ಲದ ಗಡುವು ಸಿಗುತ್ತದೆ. ವರ್ಗಾಯಿಸಿದ ಬಾಕಿ ಉಳಿದಿರುವಾಗ ಬಿಲ್ಲು ಪೂರ್ತಿ ತೀರುವುದೇ ಇಲ್ಲವಲ್ಲ. ಆಗ ಅಕ್ಕಿಬೇಳೆ ಕೊಂಡ ದಿನದಿಂದಲೇ ಬಡ್ಡಿ ಓಡಬಹುದು. 2009ರ ಕಾರ್ಡ್ ಕಾಯ್ದೆಯ ಪ್ರಕಾರ, ಕನಿಷ್ಠ ಕಂತಿಗಿಂತ ಹೆಚ್ಚು ಕಟ್ಟಿದ ಹಣ ಮೊದಲು ಹೆಚ್ಚು ಬಡ್ಡಿಯ ಬಾಕಿಗೆ ಹೋಗುತ್ತದೆ. ಖರೀದಿಯ ಸಾಲಕ್ಕೆ ಇದು ಅನುಕೂಲ. ವರ್ಗಾಯಿಸಿದ ಸಾಲ ಮಾತ್ರ ಅಷ್ಟು ನಿಧಾನವಾಗಿ ಕರಗುತ್ತದೆ. ಆದ್ದರಿಂದ ಆ ಕಾರ್ಡನ್ನು ಖರೀದಿಗೆ ಬಳಸದಿರುವುದೇ ಸರಿ.

ಕಂತು 60 ದಿನಕ್ಕಿಂತ ಹೆಚ್ಚು ತಡವಾದರೆ ಸೊನ್ನೆ ದರವನ್ನು ಅವಧಿಗೆ ಮೊದಲೇ ಕಿತ್ತುಕೊಳ್ಳಲು ಬ್ಯಾಂಕಿಗೆ ಕಾನೂನಿನ ಅವಕಾಶವಿದೆ. ಇನ್ನು, ವರ್ಗಾವಣೆ ಮುಗಿಯಲು ಕೆಲವು ವಾರ ಹಿಡಿಯಬಹುದು. ಅಲ್ಲಿಯವರೆಗೆ ಹಳೆಯ ಕಾರ್ಡಿನ ಕಂತು ತಪ್ಪಿಸಬಾರದು. ಬಾಕಿ ಸೊನ್ನೆ ಎಂದು ಕಂಡ ಮೇಲೂ ಮುಂದಿನ ಬಿಲ್ಲನ್ನು ತೆರೆದು ನೋಡಬೇಕು, ಏಕೆಂದರೆ ಕೊನೆಯ ಬಿಲ್ಲಿಗೂ ವರ್ಗಾವಣೆಗೂ ನಡುವಿನ ದಿನಗಳ ಬಡ್ಡಿ ಅದರಲ್ಲಿ ಬರುತ್ತದೆ.